ನಿನ್ನೆ ಹಾಲು, ಇವತ್ತು ಮಜ್ಜಿಗೆ, ನಾಳೆ ಮೇಲಾರ

ಸಂಘದ ಅಧ್ಯಕ್ಷರಿಗೆ ಮತ್ತು ನಿರ್ದೇಶಕರಿಗೆ, ನಮಸ್ಕಾರ.

ಮಜ್ಜಿಗೆ ತೊಟ್ಟೆಗೆ ನೀವು ಕೇಳಿದ ಸಾಲು ಮೇಲೆಯೇ ಇದೆ. ಇನ್ನೊಮ್ಮೆ ಬರೆಯುತ್ತೇನೆ. ಬಾಯಿಬಿಟ್ಟು ಓದಿ ನೋಡಿ.

ನಿನ್ನೆ ಹಾಲು, ಇವತ್ತು ಮಜ್ಜಿಗೆ, ನಾಳೆ ಮೇಲಾರ.

ಬರೆಯುವ ಮೊದಲು ಬದಿಯಡ್ಕ ಪೇಟೆಯ ಒಂದು ಅಂಗಡಿಯ ಫ್ರಿಜ್ ಮುಂದೆ ಸುಮ್ನೆ ಹತ್ತು ನಿಮಿಷ ನಿಂತೆ. ಮೂರು ಬಗೆಯ ಮಜ್ಜಿಗೆ ಇತ್ತು. ಒಂದರಲ್ಲಿ ತಾಜಾ, ಇನ್ನೊಂದರಲ್ಲಿ ಶುದ್ಧ, ಮತ್ತೊಂದರಲ್ಲಿ ಎರಡೂ. ಮೂರರಲ್ಲೂ ಹಸಿರು ಗುಡ್ಡ, ಅದರ ಮೇಲೆ ಕಪ್ಪು ಬಿಳಿ ದನ. ಹೊರಗೆ ಬಂದ ಮೇಲೆ ಯಾವುದು ಯಾವ ಮಾತು ಹೇಳಿತ್ತು ಅಂತ ನೆನಪೇ ಆಗಲಿಲ್ಲ. ನಮ್ಮ ದನ ಗುಡ್ಡದ ಮೇಲೆಲ್ಲಿ ನಿಲ್ಲುತ್ತದೆ? ಅಡಿಕೆ ತೋಟದ ಬದಿಯ ಹಟ್ಟಿಯಲ್ಲಿ ಕೊಚ್ಚಿದ ಹಾಳೆ ತಿನ್ನುತ್ತಾ ಇರುತ್ತದೆ. ಹಾಗಾಗಿ ತಾಜಾ ಎಂಬ ಪದವನ್ನು ಎಲ್ಲೂ ಬಳಸಿಲ್ಲ. ದಿನಗಳನ್ನು ಮಾತ್ರ ಹೇಳಿದ್ದೇನೆ.

ಕಳೆದ ಸಭೆಯಲ್ಲಿ ನಿರ್ದೇಶಕರೊಬ್ಬರು ಕೇಳಿದ್ದು ಸರಿಯಾದ ಪ್ರಶ್ನೆಯೇ. "ನಾಳೆಗೆ ಹುಳಿಯಾಗ್ತದೆ ಅಂತ ನಾವೇ ಹೇಳುವುದಾ ಮಾರಾಯ್ರೇ?" ಹೌದು, ನಾವೇ ಹೇಳುವುದು. ಹೆಪ್ಪಿನ ಜೀವ ತೊಟ್ಟೆಯೊಳಗೂ ಇರುತ್ತದೆ. ಫ್ರಿಜ್‌ನಲ್ಲಿ ಅದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ದಿನ ಹೋದ ಹಾಗೆ ಹುಳಿ ಏರುವುದು ಮಜ್ಜಿಗೆಯ ಸ್ವಭಾವ. ಮನೆಯಲ್ಲಿ ಮಜ್ಜಿಗೆ ಮಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳಿಯಾದರೆ ನಾವು ಚೆಲ್ಲುವುದಿಲ್ಲ, ಮೇಲಾರ ಮಾಡುತ್ತೇವೆ. ಮೇಲಾರಕ್ಕೆ ಸಿಹಿ ಮಜ್ಜಿಗೆ ಹಾಕಿದರೆ ಬೈಸಿಕೊಳ್ಳುವುದು ಗ್ಯಾರಂಟಿ. ಅಂದರೆ ಇವತ್ತು ಕುಡಿಯಲು ಒಳ್ಳೆಯದು, ನಾಳೆ ಅಡಿಗೆಗೆ ಒಳ್ಳೆಯದು. ಸಾಲು ಹೇಳುವುದು ಇಷ್ಟೇ.

ಇನ್ನು ಎಲ್ಲೆಲ್ಲಿ ಏನು ಬರಬೇಕೋ ಪೂರ್ತಿ ಬರೆದಿದ್ದೇನೆ. ಹೀಗೆಯೇ ಅಚ್ಚಿಗೆ ಕೊಡಬಹುದು.

ತೊಟ್ಟೆಯ ಮುಂಬದಿ:

ಮಜ್ಜಿಗೆ
ನಿನ್ನೆ ಹಾಲು, ಇವತ್ತು ಮಜ್ಜಿಗೆ, ನಾಳೆ ಮೇಲಾರ.
ಉಪ್ಪು ಹಾಕಿದ್ದು. 200 ಮಿ.ಲೀ. 10 ರೂಪಾಯಿ.

ದನದ ಚಿತ್ರ ಬೇಡ. ಒಂದು ಕಡೆಗೋಲು ಸಾಕು. ಅದನ್ನೂ ಸಣ್ಣದಾಗಿ ಹಾಕಿ.

ಹಿಂಬದಿಯಲ್ಲಿ ಪದಾರ್ಥಗಳು, ಲೈಸೆನ್ಸ್ ನಂಬರು, ಕೊನೆಯ ದಿನ, ವಿಳಾಸ ಎಲ್ಲ ಬರಲೇಬೇಕು. 200 ಮಿ.ಲೀ. ತೊಟ್ಟೆಯಲ್ಲಿ ಆಮೇಲೆ ಉಳಿಯುವುದು ಅಂಗೈಯಷ್ಟು ಜಾಗ. ಅಲ್ಲಿಗೆ ಇದು:

"ನಿನ್ನೆ ಸಾಯಂಕಾಲ ನಮ್ಮ ಸದಸ್ಯರು ಕ್ಯಾನಿನಲ್ಲಿ ತಂದ ಹಾಲು. ಕಾಯಿಸಿ, ಆರಿಸಿ, ರಾತ್ರಿ ಹೆಪ್ಪು ಹಾಕಿದೆವು. ಬೆಳಗ್ಗೆ ಕಡೆದು, ನೀರು ಉಪ್ಪು ಸೇರಿಸಿ ತುಂಬಿಸಿದೆವು. ನಿಂತಲ್ಲಿ ನೀರು ಮೇಲೆ ಬಂದಿದ್ದರೆ ಹಾಳಾಯಿತು ಅಂತ ಹೆದರಬೇಡಿ, ಮಜ್ಜಿಗೆ ಇರುವುದೇ ಹಾಗೆ. ಅಲ್ಲಾಡಿಸಿ ಕುಡಿಯಿರಿ. ಉಳಿದರೆ ಫ್ರಿಜ್‌ನಲ್ಲಿಡಿ. ನಾಳೆ ಸೌತೆಕಾಯಿ ಬೇಯಿಸಿ, ತೆಂಗಿನಕಾಯಿ ಹಸಿಮೆಣಸು ಅರೆದು ಹಾಕಿ, ಇದನ್ನು ಹೊಯ್ಯಿರಿ. ಕುದಿ ಬಂದ ಕೂಡಲೇ ಇಳಿಸಿ ಒಗ್ಗರಣೆ ಕೊಡಿ. ಉಪ್ಪು ನೋಡಿ ಹಾಕಿ, ಮಜ್ಜಿಗೆಯಲ್ಲೇ ಇದೆ."

ಕೊನೆಯ ವಾಕ್ಯವನ್ನು ದಯವಿಟ್ಟು ತೆಗೆಯಬೇಡಿ. ಮೊನ್ನೆ ನೀವು ಕೊಟ್ಟ ಸ್ಯಾಂಪಲ್‌ನಲ್ಲಿ ಮನೆಯಲ್ಲಿ ಮಾಡಿ ನೋಡಿದೆವು. ಅಭ್ಯಾಸಬಲದಲ್ಲಿ ಉಪ್ಪು ಬಿತ್ತು. ಆ ದಿನ ಎಲ್ಲರೂ ಮೊಸರು ಕಲಸಿ ಉಂಡೆವು.

ಶುಂಠಿ, ಹಸಿಮೆಣಸು, ಬೇವಿನಸೊಪ್ಪಿನ ಮಸಾಲೆ ಮಜ್ಜಿಗೆಯನ್ನು ಆಮೇಲೆ ತರುವುದಾದರೆ ಈ ಸಾಲನ್ನು ಅದಕ್ಕೆ ಹಾಕಬೇಡಿ. ಶುಂಠಿ ಇದ್ದ ಮಜ್ಜಿಗೆಯ ಮೇಲಾರ ಯಾರೂ ತಿನ್ನಲಿಕ್ಕಿಲ್ಲ.

ಕಾಸರಗೋಡು ಗಿಡ್ಡದ ಹೆಸರು ಹಾಕಿದರೆ ಒಳ್ಳೆ ಓಡ್ತದೆ ಅಂತಲೂ ಒಬ್ಬರು ಹೇಳಿದ್ದರು. ಓಡಬಹುದು. ಆದರೆ ಸಂಘಕ್ಕೆ ಬರುವ ಹಾಲಿನಲ್ಲಿ ಹೆಚ್ಚಿನದು ಜೆರ್ಸಿ ಮಿಶ್ರತಳಿಯದ್ದು, ಅಲ್ವಾ? ಕ್ಯಾನ್ ಹಿಡಿದು ಸಾಲಲ್ಲಿ ನಿಲ್ಲುವವರೇ ಮೊದಲು ನಗುತ್ತಾರೆ. ಬರೆದಿಲ್ಲ.

ಕುಂಬಳೆ, ಉಪ್ಪಳ ಕಡೆಯ ಅಂಗಡಿ ಬೋರ್ಡಿಗೆ ಕನ್ನಡ, ತುಳು, ಮಲಯಾಳಂ ಮೂರೂ ಭಾಷೆ ಬೇಕು. ಮಲಯಾಳಂನವರಿಗೆ ಮೇಲಾರ ಅಂದರೆ ಅಷ್ಟು ತಾಗಲಿಕ್ಕಿಲ್ಲ. ಅವರಿಗೆ ಪುಳಿಶ್ಶೇರಿ ಇದೆ. ಮಲಯಾಳಂ ಸಾಲನ್ನು ಬೋರ್ಡಿನಲ್ಲಿ ಅವರ ಲಿಪಿಯಲ್ಲೇ ಬರೆಸಿ. ಇಲ್ಲಿ ನಿಮಗೆ ಓದಲು ಕನ್ನಡದಲ್ಲಿ ಕೊಟ್ಟಿದ್ದೇನೆ.

ನಿನ್ನೆ ಹಾಲು, ಇವತ್ತು ಮಜ್ಜಿಗೆ, ನಾಳೆ ಮೇಲಾರ.
ಕೋಡೆ ಪೇರ್, ಇನಿ ಅಳೆ, ಎಲ್ಲೆ ಮೇಲಾರ.
ಇನ್ನಲೆ ಪಾಲ್, ಇನ್ನ್ ಮೋರ್, ನಾಳೆ ಪುಳಿಶ್ಶೇರಿ.

ಒಂದು ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ಸಾಲಿನಲ್ಲಿ "ಇವತ್ತು" ಅಂತ ಇದೆ. ಮೂರು ದಿನದ ಹಿಂದಿನ ತೊಟ್ಟೆ ಅಂಗಡಿಯಲ್ಲಿ ನೇತಾಡುತ್ತಿದ್ದರೆ ಅದು ಸುಳ್ಳಾಗುತ್ತದೆ. ಕೊನೆಯ ದಿನ ಇನ್ನೂ ಬಂದಿಲ್ಲ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬೆಳಗ್ಗೆ ಹೊಸದನ್ನು ಇಳಿಸುವ ಆಟೋದವನೇ ನಿನ್ನೆ ಉಳಿದದ್ದನ್ನು ಐಸ್ ಪೆಟ್ಟಿಗೆಯಲ್ಲಿ ಹಾಕಿ ವಾಪಸ್ ತರಲಿ. ಕಟ್ಟು ಒಡೆಯದೆ, ಹಾಗೆಯೇ ಸಂಘದ ಕೌಂಟರಿನ ಫ್ರಿಜ್‌ನಲ್ಲಿಟ್ಟು ಅರ್ಧ ಬೆಲೆಗೆ ಕೊಡೋಣ. ಅದಕ್ಕೊಂದು ರಟ್ಟಿನ ಬೋರ್ಡು:

"ಮೇಲಾರದ ಮಜ್ಜಿಗೆ. ನಿನ್ನೆಯದ್ದು. 5 ರೂಪಾಯಿ. ಕುಡಿಯಲು ಬೇಕಾದವರು ಪಕ್ಕದ ಫ್ರಿಜ್ ನೋಡಿ."

ನಷ್ಟ ಅಂತ ಕಾಣಬಹುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಣ್ಣಗಿನ ಮಜ್ಜಿಗೆ ಕೇಳುವವರು ಕಡಿಮೆ. ಬಿಸಿ ಅನ್ನಕ್ಕೆ ಮೇಲಾರ ಬೇಡ ಅನ್ನುವವರು ಮಳೆಗಾಲದಲ್ಲಿ ಯಾರಿದ್ದಾರೆ? ಆಗ ಈ ರಟ್ಟಿನ ಬೋರ್ಡೇ ಕೆಲಸಕ್ಕೆ ಬರುತ್ತದೆ.

ಆಟೋದ ಮೈಕಿಗೆ ಇದು. ಪೆರ್ಲದಿಂದ ನೀರ್ಚಾಲು, ಮುಳ್ಳೇರಿಯದವರೆಗೆ ಇದನ್ನೇ ಹಾಕಬಹುದು. ಹಿಂದೆ ಸಂಗೀತ ಬೇಡ. ಸಂಘದಲ್ಲಿ ಹಾಲು ಅಳೆಯುವ ಅಕ್ಕ ಇದ್ದಾರಲ್ಲ, ಅವರ ಸ್ವರದಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ.

"ಅಕ್ಕಂದಿರೇ, ಅಣ್ಣಂದಿರೇ, ಮಜ್ಜಿಗೆ ಬಂತು. ನಿನ್ನೆ ಸಾಯಂಕಾಲ ನೀವೇ ತಂದು ಹೊಯ್ದ ಹಾಲು. ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ಕಡೆದದ್ದು. ತೋಟದ ಕೆಲಸದವರಿಗೆ ಹತ್ತು ಗಂಟೆಗೆ ಒಂದೊಂದು ತೊಟ್ಟೆ ಕೊಡಿ. ಶಾಲೆ ಬಿಟ್ಟು ಬರುವ ಮಕ್ಕಳಿಗೆ ಕೊಡಿ. ಜಾಸ್ತಿ ತೆಗೆದಿಡುವುದೇನೂ ಬೇಡ, ನಾಳೆ ಪುನಃ ಬರುತ್ತೇವೆ. ಹಾಗೂ ಒಂದು ಉಳಿದರೆ ಹಿತ್ತಿಲಲ್ಲಿ ಸೌತೆಕಾಯಿ ಇದೆಯಾ ನೋಡಿ. ನಿನ್ನೆ ಹಾಲು, ಇವತ್ತು ಮಜ್ಜಿಗೆ, ನಾಳೆ ಮೇಲಾರ. ಹತ್ತು ರೂಪಾಯಿ, ಚಿಲ್ಲರೆ ಇದ್ದರೆ ಒಳ್ಳೆಯದು."