ನಮ್ಮ ಶಾಲೆಗೆ ನೀರಗಂಟಿ ಬೇಕು

ಮಾತನಾಡುವ ಅಭ್ಯಾಸ ಹಾಳೆ, 9ನೇ ತರಗತಿ

ಪ್ರಶ್ನೆ: ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ನೀರು ಉಳಿಸುವ ಬಗ್ಗೆ ಐದಾರು ನಿಮಿಷ ಮಾತನಾಡಿ. ನಿಮ್ಮ ಜಿಲ್ಲೆಯ ಸಂಗತಿ ಇರಲಿ. ಶಾಲೆಯಲ್ಲಿ ಮಕ್ಕಳೇ ಮಾಡಬಹುದಾದ ಒಂದು ಕೆಲಸ ಹೇಳಿ.

ಮಾದರಿ ಉತ್ತರ:

ಮುಖ್ಯ ಶಿಕ್ಷಕರಿಗೆ, ಎಲ್ಲ ಮೇಷ್ಟ್ರಿಗೆ, ಮೇಡಂಗಳಿಗೆ, ಬಿಸಿಯೂಟದ ಅಮ್ಮಂದಿರಿಗೆ ಮತ್ತು ನನ್ನ ಗೆಳೆಯ ಗೆಳತಿಯರಿಗೆ ನಮಸ್ಕಾರ. ನಾನು 9ನೇ ತರಗತಿಯ ಭವ್ಯ. ಇವತ್ತು ನೀರಿನ ಬಗ್ಗೆ ಮಾತನಾಡಲು ನನಗೆ ಅವಕಾಶ ಸಿಕ್ಕಿದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆ, ಆದರೆ ಅದರಲ್ಲಿ ನೀರು ಕಾಣುವುದು ಒಳ್ಳೆ ಮಳೆಯಾದಾಗ ಮಾತ್ರ. ಹಾಗಾದರೆ ನಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಬೋರ್‌ವೆಲ್‌ನಿಂದ ಅಂತ ಎಲ್ಲರೂ ಹೇಳುತ್ತೀರಿ. ಸರಿ, ಬೋರ್‌ವೆಲ್‌ಗೆ ಎಲ್ಲಿಂದ ಬಂತು? ಅದೂ ಮಳೆಯೇ. ಯಾವಾಗಲೋ ಸುರಿದ ಮಳೆ ಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು ನಿಂತಿದೆ. ನಾವು ಮೋಟರ್ ಹಾಕಿ ಅದನ್ನು ಗಂಟೆಗಳಲ್ಲಿ ಮೇಲೆತ್ತುತ್ತೇವೆ. ಅಷ್ಟೇ ನೀರು ಮತ್ತೆ ಕೆಳಗೆ ಇಳಿಯೋಕೆ ವರ್ಷಗಳು ಬೇಕು.

ಅದಕ್ಕೇ ಬೋರ್ ಆಳ ಹೋಗುತ್ತಲೇ ಇದೆ. ನಮ್ಮ ತಾತಂದಿರ ಕಾಲದಲ್ಲಿ ತೆರೆದ ಬಾವಿಯಲ್ಲಿ ನೀರು ಸೇದುತ್ತಿದ್ದರು. ಈಗ ನಮ್ಮ ಜಿಲ್ಲೆಯಲ್ಲಿ 1,000 ಅಡಿ ದಾಟಿ ಕೊರೆಸಿದವರಿದ್ದಾರೆ. ಅಷ್ಟು ದುಡ್ಡು ಸಾಲ ಮಾಡಿ ಕೊರೆಸಿದರೂ ಬರೀ ದೂಳು ಬಂದ ಮನೆಗಳು ಎಷ್ಟೋ ಇವೆ. ಇನ್ನೊಂದು ಕಷ್ಟ ಏನೆಂದರೆ, ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುತ್ತದೆ. ಅದನ್ನು ಕುಡಿದು ಕುಡಿದು ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಮೂಳೆಗೂ ತೊಂದರೆ ಆಗುತ್ತದೆ. ಹಾಗಾಗಿಯೇ ನಾವೆಲ್ಲ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತೇವೆ, ಅಲ್ವಾ?

ಆದರೆ ನಮ್ಮ ಹಿರಿಯರಿಗೂ ನದಿ ಇರಲಿಲ್ಲ. ಅವರಿಗಿದ್ದದ್ದೂ ಇದೇ ಮಳೆ. ಅವರು ಏನು ಮಾಡಿದರು ಅಂತ ಕೇಳಿದರೆ ನನಗೆ ತುಂಬಾ ಹೆಮ್ಮೆಯಾಗುತ್ತದೆ. ಅವರು ಕೆರೆ ಕಟ್ಟಿದರು. ಒಂದೆರಡಲ್ಲ, ಸಾವಿರಾರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಊರಿನ ಕೆರೆಗೆ ಹೋಗಬೇಕು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಒಂದು ಮಳೆಯ ನೀರನ್ನು ಹತ್ತಾರು ಊರಿನವರು ಹಿಡಿದುಕೊಳ್ಳುತ್ತಿದ್ದರು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲೂ ನೀರು ಇರುತ್ತಿತ್ತು.

ಆ ಕೆರೆಗಳಿಗೆ ನೀರಗಂಟಿ ಅಂತ ಒಬ್ಬರು ಇರುತ್ತಿದ್ದರು. ಈ ಹೆಸರು ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಲೂ ಕೇಳಿಬರಬಹುದು. ತೂಬು ಎತ್ತುವುದು, ಮುಚ್ಚುವುದು ಅವರ ಕೆಲಸ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಅಂತ ನೋಡುತ್ತಿದ್ದರು. ಜೋರು ಮಳೆ ಬಂದರೆ ರಾತ್ರಿ ಹೊತ್ತು ಕೂಡ ಏರಿ ಮೇಲೆ ಓಡಾಡಿ, ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ ಹುಡುಕುತ್ತಿದ್ದರು. ನೀರು ಕಡಿಮೆ ಇದ್ದ ವರ್ಷ ಎಷ್ಟು ಜಮೀನಿಗೆ ಬಿಡಬೇಕು ಅಂತ ಊರವರು ಕೂತು ತೀರ್ಮಾನ ಮಾಡುತ್ತಿದ್ದರು, ಅದನ್ನು ನಡೆಸಿಕೊಡುತ್ತಿದ್ದದ್ದು ನೀರಗಂಟಿ. ಅವರಿಗೆ ಸುಗ್ಗಿಯಲ್ಲಿ ಪ್ರತಿ ಮನೆಯವರೂ ಧಾನ್ಯ ಕೊಡುತ್ತಿದ್ದರು. ಊರಿನ ನೀರನ್ನು ನೋಡಿಕೊಳ್ಳೋಕೆ ಅಂತಲೇ ಒಬ್ಬ ಮನುಷ್ಯ ಇರಬೇಕು ಅಂತ ಅವರಿಗೆ ಗೊತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ಕೆರೆ ಮರೆತೆವು. ಹೂಳು ತುಂಬಿತು, ಕಾಲುವೆ ಮುಚ್ಚಿತು, ಜಾಲಿ ಬೆಳೆಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಕುಡಿಯೋಕಲ್ಲ, ಅಂತರ್ಜಲ ಹೆಚ್ಚಲಿ ಅಂತ. ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲಿ ನೀರು ನೋಡಿ ಊರವರಿಗೆ ಸಂತೋಷವಾಗಿದೆ, ನಿಜ. ಆದರೂ ನಮ್ಮ ಮೇಲೆ ಬೀಳುವ ಮಳೆಯನ್ನು ಮೊದಲು ನಾವು ಹಿಡಿಯಬೇಕು ಅಂತ ನನಗೆ ಅನಿಸುತ್ತದೆ.

ಎಷ್ಟು ಮಳೆ ಅಂತ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಶಾಲೆಯ ಹಳೇ ಕಟ್ಟಡದ ಮಾಳಿಗೆ 30 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 300 ಚದರ ಮೀಟರ್. 20 ಮಿಲಿಮೀಟರ್‌ನ ಒಂದು ಒಳ್ಳೆ ಮಳೆಗೆ ಅಲ್ಲಿ 6,000 ಲೀಟರ್ ಬೀಳುತ್ತದೆ. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಅಂತ ಇಟ್ಟುಕೊಂಡರೆ 2 ಲಕ್ಷ ಲೀಟರ್ ದಾಟುತ್ತದೆ! ಈಗ ಅದೆಲ್ಲ ಪೈಪಿನಲ್ಲಿ ಇಳಿದು ಆಟದ ಮೈದಾನದ ಪಕ್ಕದಿಂದ ರಸ್ತೆಗೆ ಹೋಗುತ್ತಿದೆ. ಆ ಪೈಪನ್ನು ಒಂದು ಇಂಗುಗುಂಡಿಗೆ ತಿರುಗಿಸಿಕೊಡಿ ಅಂತ ಎಸ್‌ಡಿಎಂಸಿಗೆ ನಾವು 9ನೇ ತರಗತಿಯವರು ಪತ್ರ ಬರೆದಿದ್ದೇವೆ. ಗುಂಡಿ ತೋಡುವುದು ದೊಡ್ಡವರಿಂದಲೇ ಆಗಬೇಕು.

ನಲ್ಲಿಯ ವಿಷಯ ಹಾಗಲ್ಲ, ಅದು ನಮ್ಮ ಕೈಯಲ್ಲೇ ಇದೆ. ನಮ್ಮ ಶಾಲೆಯ ನಲ್ಲಿ ಪೂರ್ತಿ ತಿರುಗಿಸಿದರೆ ಒಂದು ಲೀಟರ್ ಜಗ್ ತುಂಬೋಕೆ ಸುಮಾರು 10 ಸೆಕೆಂಡ್ ಸಾಕು. ಊಟ ಆದ ಮೇಲೆ ತಟ್ಟೆ ತೊಳೆಯುವಾಗ ಒಂದು ನಿಮಿಷ ನಲ್ಲಿ ಬಿಟ್ಟರೆ 6 ಲೀಟರ್ ಹೋಯಿತು. ಅದೇ ತಟ್ಟೆಯನ್ನು ಜಗ್ಗಿನಲ್ಲಿ ನೀರು ಹಿಡಿದು ತೊಳೆದರೆ ಒಂದು ಲೀಟರ್‌ನಲ್ಲಿ ಮುಗಿಯುತ್ತದೆ. ನಾವು 240 ಮಕ್ಕಳಿದ್ದೇವೆ. ಒಬ್ಬೊಬ್ಬರು 5 ಲೀಟರ್ ಉಳಿಸಿದರೆ ದಿನಕ್ಕೆ 1,200 ಲೀಟರ್. ನಮ್ಮ ಅಪ್ಪ ಅಮ್ಮ ಟೊಮೆಟೊ ತೋಟದಲ್ಲಿ ಡ್ರಿಪ್ ಹಾಕಿ, ಗಿಡದ ಬುಡಕ್ಕೆ ಬೇಕಾದಷ್ಟೇ ನೀರು ಬಿಡುತ್ತಾರೆ. ಅವರ ಮಕ್ಕಳು ನಾವು ಸುಮ್ನೆ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಾ ನಿಲ್ಲಬಾರದು.

ನಲ್ಲಿ ಸರಿಯಾಗಿ ಮುಚ್ಚದಿದ್ದರೂ ಅಷ್ಟೇ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. 20 ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ಅಂದರೆ ದಿನಕ್ಕೆ 4 ಲೀಟರ್‌ಗಿಂತ ಜಾಸ್ತಿ. ಒಬ್ಬರು ದಿನಪೂರ್ತಿ ಕುಡಿಯುವುದಕ್ಕಿಂತ ಹೆಚ್ಚು. ವಾಷರ್ ಬದಲಾಯಿಸಿದರೆ ಅದು ನಿಲ್ಲುತ್ತದೆ.

ಒಂದು ಮಾತು. ನೀರು ಉಳಿಸಬೇಕು ಅಂತ ಯಾರೂ ಕುಡಿಯುವುದನ್ನು ಕಡಿಮೆ ಮಾಡಬೇಡಿ. ಕೈ ತೊಳೆಯುವುದನ್ನೂ ಬಿಡಬೇಡಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಕೆಲವು ಹುಡುಗಿಯರು ನೀರು ಕುಡಿಯದೆ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ನಮ್ಮ ಕೆಲಸ ಹೇಳುತ್ತೇನೆ. ನಮ್ಮ ಶಾಲೆಗೂ ನೀರಗಂಟಿಗಳು ಬೇಕು. ವಾರಕ್ಕೆ ಇಬ್ಬರು, ಸರದಿಯಂತೆ ಎಲ್ಲ ತರಗತಿಯಿಂದಲೂ. ಊಟದ ಹೊತ್ತಿನಲ್ಲಿ ಅವರು ನಲ್ಲಿ ಹತ್ತಿರ ಇರುತ್ತಾರೆ. ಜಗ್‌ಗಳನ್ನು ಸಾಲಾಗಿ ಇಡುತ್ತಾರೆ. ಚಿಕ್ಕ ಮಕ್ಕಳಿಗೆ ನೀರು ಹಿಡಿದು ಕೊಡುತ್ತಾರೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಅಡುಗೆ ಮನೆಯಿಂದ ಬಕೆಟ್‌ನಲ್ಲಿ ತಂದು ಕೈತೋಟದ ನುಗ್ಗೆ, ಪಪ್ಪಾಯಿ ಗಿಡಕ್ಕೆ ಹಾಕುತ್ತಾರೆ. ಸಂಜೆ ಮನೆಗೆ ಹೋಗುವ ಮೊದಲು ಎಲ್ಲ ನಲ್ಲಿ ಮುಚ್ಚಿದೆಯಾ ಅಂತ ನೋಡಿ, ಸೋರುವ ನಲ್ಲಿ ಇದ್ದರೆ ಬೋರ್ಡಿನಲ್ಲಿ ಬರೆಯುತ್ತಾರೆ. ಯಾರನ್ನೂ ಗದರುವ ಹಾಗಿಲ್ಲ.

ಮುಖ್ಯ ಶಿಕ್ಷಕರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಮೊದಲ ವಾರ ನಾನು ಮತ್ತು ನನ್ನ ತರಗತಿಯ ಗೆಳತಿ. ಮುಂದಿನ ವಾರಕ್ಕೆ 8ನೇ ತರಗತಿಯಿಂದ ಇಬ್ಬರ ಹೆಸರು ಬೇಕು. ಇವತ್ತು ಊಟದ ಬೆಲ್ ಹೊಡೆದಾಗ ಬಂದು ಕೊಡಿ, ನಾವು ನಲ್ಲಿ ಹತ್ತಿರವೇ ಇರುತ್ತೇವೆ.

ಧನ್ಯವಾದಗಳು.