ಕೆಲಸಕ್ಕೆ ಯೋಗ್ಯತೆಯ ಬಗ್ಗೆ ವೈದ್ಯಕೀಯ ಅಭಿಪ್ರಾಯ: ಸಿಬ್ಬಂದಿ ಸಂಖ್ಯೆ 417

ಗೋಪ್ಯ: ವ್ಯವಸ್ಥಾಪಕರು ಮಾತ್ರ ತೆರೆಯತಕ್ಕದ್ದು

ದಾವಣಗೆರೆ
ದಿನಾಂಕ: 11 ನವೆಂಬರ್ 2024

ಇವರಿಗೆ,
ವ್ಯವಸ್ಥಾಪಕರು,
ಅಕ್ಕಿ ಗಿರಣಿ, ಹರಿಹರ ರಸ್ತೆ, ದಾವಣಗೆರೆ

ವಿಷಯ: ನಿಮ್ಮ ಗಿರಣಿಯ ವೇಬ್ರಿಜ್ ಗುಮಾಸ್ತರು ಕೆಲಸಕ್ಕೆ ಮರಳುವ ಬಗ್ಗೆ

ಉಲ್ಲೇಖ: ನಿಮ್ಮ ಪತ್ರ, ದಿನಾಂಕ 4 ನವೆಂಬರ್ 2024

ಮಾನ್ಯರೇ,

ನಿಮ್ಮ ಪತ್ರ ಮತ್ತು ಜೊತೆಗೆ ಕಳಿಸಿದ ಕೆಲಸದ ವಿವರ ತಲುಪಿವೆ. ಸಿಬ್ಬಂದಿಯನ್ನು ನಾನೇ ಚಿಕಿತ್ಸೆ ಮಾಡುತ್ತಿದ್ದೇನೆ. ಕಳೆದ ಶನಿವಾರ, 9ರಂದು ಮತ್ತೆ ತಪಾಸಣೆ ಮಾಡಿದ್ದೇನೆ. ಈ ಪತ್ರದ ಪ್ರತಿ ಸಾಲನ್ನೂ ಅವರಿಗೆ ಮೊದಲೇ ಓದಿಸಿ, ನಿಮಗೆ ಕಳಿಸಲು ಲಿಖಿತ ಒಪ್ಪಿಗೆ ಪಡೆದಿದ್ದೇನೆ.

ನನ್ನ ಅಭಿಪ್ರಾಯ: 18 ನವೆಂಬರ್ 2024, ಸೋಮವಾರದಿಂದ ಅವರು ತಮ್ಮ ಮೊದಲಿನ ಕೆಲಸಕ್ಕೇ ಬರಬಹುದು. ಕೆಳಗೆ ಹೇಳಿದ ಕೆಲವು ಹೊಂದಾಣಿಕೆಗಳು ಸದ್ಯಕ್ಕೆ ಬೇಕು.

ವೇಬ್ರಿಜ್ ಕೆಲಸ ಸುಲಭದ್ದಲ್ಲ ಅಂತ ನನಗೆ ಗೊತ್ತು. ಭತ್ತದ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರುತ್ತವೆ. ತುಂಬಿದ ತೂಕ, ಖಾಲಿ ತೂಕ, ಚೀಲದ ಲೆಕ್ಕ, ಎಲ್ಲವನ್ನೂ ತಪ್ಪಿಲ್ಲದೆ ಬರೆಯಬೇಕು. ಆಚೆ ಡ್ರೈವರ್ "ಬೇಗ ಚೀಟಿ ಕೊಡಿ" ಅಂತ ಕೂಗುತ್ತಿರುತ್ತಾರೆ. ತಪಾಸಣೆ ಮಾಡುವಾಗ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಗಮನ, ನೆನಪು, ಲೆಕ್ಕ, ಒತ್ತಡದಲ್ಲಿ ನಿರ್ಧಾರ ಮಾಡುವುದು, ಜನರೊಂದಿಗೆ ಮಾತು: ಈ ಕೆಲಸಕ್ಕೆ ಬೇಕಾದಷ್ಟು ಇವೆಲ್ಲ ಅವರಲ್ಲಿ ಚೆನ್ನಾಗಿವೆ.

ಮೊದಲ ಎರಡು ವಾರ, ಅಂದರೆ 30 ನವೆಂಬರ್‌ವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ಕೆಲಸ ಕೊಡಿ. ಡಿಸೆಂಬರ್ 2ರಿಂದ ಪೂರ್ತಿ ಹಗಲು ಪಾಳಿ ಮಾಡಬಹುದು. ರಾತ್ರಿ ಪಾಳಿ ಮಾತ್ರ ಜನವರಿ ಕೊನೆಯವರೆಗೆ ಬೇಡ. ಸುಗ್ಗಿ ಹೊತ್ತಿನಲ್ಲಿ ಇದು ನಿಮಗೆ ಕಷ್ಟ ಅಂತ ತಿಳಿದೇ ಬರೆಯುತ್ತಿದ್ದೇನೆ. ಈ ಒಂದು ವಿಷಯದಲ್ಲಿ ದಯವಿಟ್ಟು ಸಡಿಲ ಮಾಡಬೇಡಿ. ಒಂದೆರಡು ರಾತ್ರಿ ತಾನೇ ಅಂತಲೂ ಕೇಳಬೇಡಿ. ಜನ ಕಡಿಮೆ ಇದ್ದಾಗ ಎತ್ತರಕ್ಕೆ ಹತ್ತುವ ಕೆಲಸಕ್ಕೂ ಅವರನ್ನು ಕಳಿಸುವುದುಂಟು ಎಂದು ನಿಮ್ಮ ವಿವರದಲ್ಲಿದೆ. ಅದೂ ಅಲ್ಲಿಯವರೆಗೆ ಬೇಡ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಲು ಅರ್ಧ ದಿನದ ಬಿಡುವು ಬೇಕಾಗುತ್ತದೆ.

20 ಜನವರಿ 2025ರಂದು ಮತ್ತೆ ತಪಾಸಣೆ ಮಾಡುತ್ತೇನೆ. ಅವರು ಒಪ್ಪಿದರೆ, ಈ ಮಿತಿಗಳನ್ನು ತೆಗೆಯಬಹುದೇ ಎಂದು ಆಮೇಲೆ ನಿಮಗೆ ಬರೆಯುತ್ತೇನೆ.

ಅವರಿಂದ ಬೇರೆಯವರಿಗೆ ತೊಂದರೆ ಆಗಬಹುದೇ ಎಂದು ಕೇಳಿದ್ದೀರಿ. ಅವರು ಈ ಕೆಲಸ ಮಾಡುವುದರಿಂದ ಅವರಿಗಾಗಲಿ, ಜೊತೆಯವರಿಗಾಗಲಿ ಅಪಾಯವಿದೆ ಎನ್ನುವಂಥದ್ದು ನನ್ನ ತಪಾಸಣೆಯಲ್ಲಿ ಏನೂ ಕಂಡಿಲ್ಲ.

ಕಾಯಿಲೆ ಯಾವುದು, ಯಾವ ಮಾತ್ರೆ, ಮತ್ತೆ ಬರುತ್ತದೆಯೇ ಎಂಬ ಉಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 23ರ ಪ್ರಕಾರ ರೋಗಿಯ ವಿವರಗಳನ್ನು ಗುಟ್ಟಾಗಿಡುವುದು ನನ್ನ ಕರ್ತವ್ಯ. ನಾನು ಹೇಳದೇ ಬಿಟ್ಟಿದ್ದಕ್ಕೆ ಏನೋ ಗಂಭೀರವಾದದ್ದಿದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಯಾರ ಬಗ್ಗೆ ಬರೆದರೂ ನಾನು ಇಷ್ಟೇ ಬರೆಯುತ್ತೇನೆ. ಪಾಳಿ ಹಾಕುವುದಕ್ಕೆ ನಿಮಗೆ ಬೇಕಾದದ್ದೆಲ್ಲ ಮೇಲಿದೆ, ಅಲ್ವಾ? ರಜೆಯ ಬಗ್ಗೆ: ಅಕ್ಟೋಬರ್ 7ರಿಂದ ನವೆಂಬರ್ 16ರವರೆಗಿನ ಗೈರುಹಾಜರಿಗೆ ವೈದ್ಯಕೀಯ ಕಾರಣವಿತ್ತು ಎಂದು ದೃಢೀಕರಿಸುತ್ತೇನೆ.

ಇನ್ನೊಂದು ಮಾತು. ಈ ಪತ್ರದಲ್ಲಿ ಹೆಸರು ಬರೆದಿಲ್ಲ, ಬೇಕೆಂದೇ. ಪತ್ರದ ಮೇಲಿರುವ ನನ್ನ ಹುದ್ದೆ ನೋಡಿದರೆ ಸಾಕು, ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಆದ್ದರಿಂದ ಇದನ್ನು ಹಾಜರಿ ಫೈಲಿಗೆ ಸೇರಿಸಬೇಡಿ. ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲೇ ಇರಲಿ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಮೇಲ್ವಿಚಾರಕರಿಗೆ ಪಾಳಿಯ ಸಮಯ ಮತ್ತು ಮಾಡಬಾರದ ಕೆಲಸ ಹೇಳಿದರೆ ಸಾಕು. ಹಮಾಲರೋ ಡ್ರೈವರ್‌ಗಳೋ ಕೇಳಿದರೆ, "ರಜೆಯಲ್ಲಿದ್ದರು, ಬಂದಿದ್ದಾರೆ" ಎನ್ನಿ. ಅದು ನಿಜವೂ ಹೌದು.

ಈ ಅಭಿಪ್ರಾಯ ಇಂದಿನ ಸ್ಥಿತಿಗೆ ಮತ್ತು ನೀವು ವಿವರಿಸಿದ ಕೆಲಸಕ್ಕೆ ಮಾತ್ರ. ಬಡ್ತಿ, ವರ್ಗಾವಣೆ, ಶಿಸ್ತು ಕ್ರಮಕ್ಕೆ ಇದನ್ನು ಬಳಸಬಾರದು. ಕೆಲಸದಲ್ಲಿ ಏನಾದರೂ ಅಡಚಣೆ ಕಂಡರೆ ಮೊದಲು ಅವರೊಂದಿಗೇ ಕೂತು ಮಾತಾಡಿ. ನನ್ನಿಂದ ಇನ್ನೇನಾದರೂ ಬೇಕಿದ್ದರೆ ಪತ್ರ ಬರೆಯಿರಿ. ಅವರ ಲಿಖಿತ ಒಪ್ಪಿಗೆ ಇದ್ದರೆ ಉತ್ತರಿಸುತ್ತೇನೆ. ಫೋನಿನಲ್ಲಿ ಈ ವಿಷಯ ಮಾತಾಡುವುದಿಲ್ಲ.

ಇಂತಿ,
(ಸಹಿ ಮತ್ತು ಮೊಹರು)
ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರು, ದಾವಣಗೆರೆ

ಪ್ರತಿ: ಸಂಬಂಧಪಟ್ಟ ಸಿಬ್ಬಂದಿಗೆ, ಕೈಯಲ್ಲಿ