ಗೆಳತಿ ಶೈಲಾಗೆ

ಪ್ರೀತಿಯ ಶೈಲಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ಮಾತು ಬೇರೆ ಕಡೆಗೆ ಹೊರಳುತ್ತದೆ. ಎದುರಿಗೆ ಸಿಕ್ಕಾಗಲಂತೂ ನೀನು ಏದುಸಿರು ಬಿಡುತ್ತಾ ಬಂದು, ಎರಡೂ ಕೈ ಹಿಡಿದುಕೊಂಡು, "ತಪ್ಪಾಯಿತು ಕಣೇ" ಎಂದುಬಿಡುತ್ತೀಯ. ಹೇಳಬೇಕೆಂದಿದ್ದುದೆಲ್ಲ ಗಂಟಲಲ್ಲೇ ಉಳಿಯುತ್ತದೆ. ಮನೆಗೆ ಬಂದು, ಅಮ್ಮನಿಗೆ ರಾತ್ರಿಯ ಮಾತ್ರೆ ಕೊಟ್ಟು, ದೀಪ ಆರಿಸಿ ಮಲಗಿದ ಮೇಲೆ ಅದೇ ಮಾತು ಮತ್ತೆ ಮೇಲೆದ್ದು ಕೂರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಬಿಡುವಾಗಿರುವಾಗ ಓದು. ಕೋಪದಲ್ಲಿ ಬರೆದದ್ದಲ್ಲ, ನಿನ್ನನ್ನು ದೂರ ಮಾಡಿಕೊಳ್ಳಬಾರದೆಂದೇ ಬರೆದದ್ದು.

ನಾವಿಬ್ಬರೂ ಸಿಗೋಣವೆಂದು ಗೊತ್ತು ಮಾಡಿಕೊಂಡಾಗಲೆಲ್ಲ ನೀನು ತಡವಾಗಿ ಬರುತ್ತೀಯ. ಐದು ಹತ್ತು ನಿಮಿಷದ ಮಾತಲ್ಲ, ಬೆಂಗಳೂರಿನಲ್ಲಿ ಅದನ್ನು ಯಾರೂ ತಡವೆಂದು ಕರೆಯುವುದಿಲ್ಲ. ಮುಕ್ಕಾಲು ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಇದರಿಂದ ನನಗೆ ನೋವಾಗುತ್ತಿದೆ ಶೈಲಾ. ನನ್ನ ಹೊತ್ತಿಗೆ, ಕಡೆಗೆ ನನಗೇ, ನಿನ್ನ ಹತ್ತಿರ ಬೆಲೆಯಿಲ್ಲವೇನೋ ಎನ್ನಿಸತೊಡಗಿದೆ. ಹಾಗಲ್ಲವೆಂದು ನನ್ನ ಬುದ್ಧಿಗೆ ಗೊತ್ತು. ಆದರೆ ರಸ್ತೆಯ ಬದಿಯಲ್ಲಿ ಒಬ್ಬಳೇ ನಿಂತಿರುವಾಗ ಬುದ್ಧಿ ಹೇಳಿದ್ದನ್ನು ಮನಸ್ಸು ಕೇಳುವುದಿಲ್ಲ.

ಮೊನ್ನೆಯ ನಾಟಕದ ವಿಷಯವನ್ನೇ ತೆಗೆದುಕೋ. ರಂಗಶಂಕರದಲ್ಲಿ ಏಳೂವರೆಗೆ ಆಟವೆಂದರೆ ಏಳೂವರೆಗೇ ಆಟ, ಬಾಗಿಲು ಮುಚ್ಚಿದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಲ್ಲಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವಳೂ ನೀನೇ. ಏಳು ಗಂಟೆಗೆ ಸಿಕ್ಕು, ಸಾಬೂದಾನ ವಡೆ ತಿಂದು ಒಳಗೆ ಹೋಗೋಣ ಎಂದಿದ್ದೆ. ನಾನು ಏಳಕ್ಕೆ ಅಲ್ಲಿದ್ದೆ. ಏಳೂ ಇಪ್ಪತ್ತಕ್ಕೆ ಫೋನ್ ಮಾಡಿದಾಗ "ಇಲ್ಲೇ ಬಂದೆ, ತಿರುವಿನಲ್ಲಿದ್ದೇನೆ" ಎಂದೆ. ಸಾಲಿನಲ್ಲಿದ್ದವರೆಲ್ಲ ಒಳಗೆ ಹೋದರು. ಬಾಗಿಲ ಬಳಿ ನಿಂತಿದ್ದ ಹುಡುಗ ನನ್ನ ಮುಖ ನೋಡಿ, "ಮೇಡಂ, ಬರುತ್ತೀರಾ?" ಎಂದು ಮೆತ್ತಗೆ ಕೇಳಿದ. ನಿನ್ನನ್ನು ಬಿಟ್ಟು ಒಳಗೆ ಹೋಗಲು ಮನಸ್ಸಾಗಲಿಲ್ಲ. ಬಾಗಿಲು ಮುಚ್ಚಿತು. ನೀನು ಬಂದದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ.

ನಾಟಕ ತಪ್ಪಿದ್ದಕ್ಕೆ ಬೇಸರವಾಯಿತು ನಿಜ. ಆದರೆ ಮನಸ್ಸಿಗೆ ನಾಟಿದ್ದು ಅದಲ್ಲ. ಬಂದವಳು ನೀನು ನಗುತ್ತಾ, "ಬಿಡೇ, ಇನ್ನೊಂದು ದಿನ ನೋಡಿದರಾಯಿತು" ಎಂದೆಯಲ್ಲ, ಅದು.

ನನಗೆ ಇನ್ನೊಂದು ದಿನ ಸುಲಭವಾಗಿ ಸಿಗುವುದಿಲ್ಲ ಶೈಲಾ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಾನು ಮನೆಯಿಂದ ಹೊರಗೆ ಕಾಲಿಡಬೇಕಾದರೆ ಎಷ್ಟು ಕೊಂಡಿಗಳನ್ನು ಜೋಡಿಸಬೇಕು ಎಂಬುದನ್ನು ನೀನು ನೋಡಿದ್ದೀಯ. ಹಗಲು ನೋಡಿಕೊಳ್ಳುವಾಕೆ ಸಂಜೆ ಆರಕ್ಕೆ ಹೊರಟುಬಿಡುತ್ತಾಳೆ. ಆ ದಿನ ಒಂಬತ್ತೂವರೆಯವರೆಗೆ ಕೂರಲು ಅವಳನ್ನು ಒಪ್ಪಿಸಿದ್ದೆ. ಹೆಚ್ಚಿನ ದುಡ್ಡಿನ ಪ್ರಶ್ನೆಯಲ್ಲ, ಅವಳಿಗೂ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಅಡುಗೆ ಮಾಡಿ ಮುಚ್ಚಿಟ್ಟು, ಅಮ್ಮನ ಹಾಸಿಗೆಯ ಪಕ್ಕದಲ್ಲಿ ನೀರು, ಟಾರ್ಚು, ಕರೆಗಂಟೆ ಎಲ್ಲವನ್ನೂ ಇಟ್ಟು, ಮೇಲಿನ ಮನೆಯವರಿಗೆ ಒಂದು ಮಾತು ಹೇಳಿ ಬಂದಿದ್ದೆ. ಹೀಗೆ ಕೂಡಿಸಿಕೊಂಡ ಎರಡು ಮೂರು ಗಂಟೆಯಲ್ಲಿ ಒಂದು ಗಂಟೆ ಗೇಟಿನ ಹತ್ತಿರ ನಿಂತೇ ಕಳೆಯುತ್ತದೆ. ಆ ಗಂಟೆಯನ್ನು ನಾನು ಮನೆಗೆಲಸದಿಂದ ಕಡ ತಂದದ್ದು ಕಾಯುವುದಕ್ಕಲ್ಲ, ನಿನ್ನ ಜೊತೆ ಮಾತಾಡಬೇಕೆಂದು. ನೀನು ಬಂದು ಕೂತು ಒಂದು ಲೋಟ ಕಾಫಿ ಮುಗಿಸುವ ಹೊತ್ತಿಗೆ ನಾನು ಗಡಿಯಾರ ನೋಡಲು ಶುರು ಮಾಡುತ್ತೇನೆ. "ಏನೇ ಇಷ್ಟು ಬೇಗ ಏಳುತ್ತೀಯ" ಎಂದು ನೀನೇ ಕೇಳುತ್ತೀಯ.

ಇನ್ನೊಂದು ದಿನದ ಮಾತು. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನೋಣವೆಂದು ನೀನೇ ಕರೆದಿದ್ದೆ. ಭಾನುವಾರ ಅಲ್ಲಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬಾಗಿಲಿನಾಚೆ ಫುಟ್‌ಪಾತಿನವರೆಗೂ ಜನ. ಹೆಸರು ಬರೆಸಿ, ಕಾದು, ಕಡೆಗೂ ಜಾಗ ಸಿಕ್ಕಿತು. ಎದುರಿನ ಕುರ್ಚಿಯ ಮೇಲೆ ನನ್ನ ಕೈಚೀಲ ಇಟ್ಟೆ. ಒಬ್ಬರು ವಯಸ್ಸಾದವರು ಬಂದು "ಯಾರಾದರೂ ಬರುತ್ತಾರಾ?" ಎಂದರು. "ಹೌದು, ಬರುತ್ತಿದ್ದಾರೆ" ಎಂದೆ. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕುರ್ಚಿಯನ್ನೂ ಚೀಲವನ್ನೂ ನನ್ನನ್ನೂ ನೋಡಿ ಏನೂ ಹೇಳದೆ ಪಕ್ಕಕ್ಕೆ ಸರಿದಳು. ತೋಳಿನುದ್ದಕ್ಕೂ ದೋಸೆಯ ತಟ್ಟೆ ಜೋಡಿಸಿಕೊಂಡು ಓಡಾಡುತ್ತಿದ್ದ ಮಾಣಿ ಎರಡು ಸಲ ಕೇಳಿದ, ಮೂರನೆಯ ಸಲ ಕೇಳಲಿಲ್ಲ, ಬರೀ ನೋಡಿಕೊಂಡು ಹೋದ. ಬೇರೆಯವರ ಜಾಗ ಕಿತ್ತುಕೊಂಡು ಕೂತ ಹಾಗಾಯಿತು ನನಗೆ. ಕೊನೆಗೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ವಯಸ್ಸಾದವರನ್ನು ಕರೆದು ಕೂರಿಸಿದೆ. ನೀನು ಬಂದಾಗ ನನ್ನ ದೋಸೆ ಮುಗಿದಿತ್ತು, ನಿನಗೆ ಜಾಗವಿರಲಿಲ್ಲ. ಇಬ್ಬರೂ ಹೊರಗೆ ಬಂದು ನಕ್ಕೆವು. ನನ್ನ ನಗು ಅರ್ಧ ಮನಸ್ಸಿನದು, ಅದು ನಿನಗೆ ಕಾಣಿಸಲಿಲ್ಲ.

"ಹೊರಟೆ" ಎನ್ನುವ ನಿನ್ನ ಸಂದೇಶದ ಬಗ್ಗೆಯೂ ಹೇಳಬೇಕು. ಅದು ಬಂದಾಗ ನೀನು ಇನ್ನೂ ಸೀರೆ ಆರಿಸುತ್ತಿರುತ್ತೀಯ ಎನ್ನುವುದು ನನಗೆ ಈಗ ಗೊತ್ತು. ಒಮ್ಮೆ ಹಿಂದಿನಿಂದ ನಿಮ್ಮ ಮನೆಯ ಮಿಕ್ಸಿಯ ಸದ್ದು ಕೇಳಿಸುತ್ತಿತ್ತು, ನೀನು "ಮೆಟ್ರೋದಲ್ಲಿದ್ದೇನೆ" ಎನ್ನುತ್ತಿದ್ದೆ. ವಿಜಯನಗರದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು, ಆ ದಾರಿಯಲ್ಲಿ ಟ್ರಾಫಿಕ್ಕೂ ಇಲ್ಲ. ನನಗೆ ಬೇಸರವಾಗಬಾರದೆಂದೇ ನೀನು ಹಾಗೆ ಹೇಳುತ್ತೀಯ, ನನಗೆ ಅನುಮಾನವಿಲ್ಲ. ಆದರೆ "ಇನ್ನೂ ಮನೆಯಲ್ಲೇ ಇದ್ದೇನೆ, ಮುಕ್ಕಾಲು ಗಂಟೆ ಆಗುತ್ತದೆ" ಎಂದಿದ್ದರೆ ನಾನು ಅಷ್ಟರಲ್ಲಿ ಅಮ್ಮನ ಔಷಧಿ ಅಂಗಡಿಯ ಕೆಲಸ ಮುಗಿಸಬಹುದಿತ್ತು, ಅಥವಾ ಮನೆಯಿಂದಲೇ ನಿಧಾನವಾಗಿ ಹೊರಡಬಹುದಿತ್ತು. "ಹೊರಟೆ" ಎಂದಾಗ ನಾನು ನಿಂತಲ್ಲೇ ನಿಂತಿರುತ್ತೇನೆ, ಬರುವ ಪ್ರತಿಯೊಂದು ಆಟೋದಲ್ಲೂ ನಿನ್ನನ್ನು ಹುಡುಕುತ್ತಾ.

ನಿನಗೆ ಹೊತ್ತಿನ ಪರಿವೆಯೇ ಇಲ್ಲ ಎಂದು ಬೇರೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಗನ ಶಾಲೆಯ ವ್ಯಾನು ಬೆಳಿಗ್ಗೆ ಏಳೂ ಹತ್ತಕ್ಕೆ ಬಂದರೆ ನೀನು ಏಳೂ ಐದಕ್ಕೆ ಗೇಟಿನಲ್ಲಿರುತ್ತೀಯ. ಕಚೇರಿಗೆ ತಡವಾಗಿ ಹೋದದ್ದಿಲ್ಲ. ಸಂಗೀತದ ಮೇಷ್ಟ್ರ ಮುಂದೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಕೂತಿರುವವಳು ನೀನು. ಅಪ್ಪ ತೀರಿಕೊಂಡ ರಾತ್ರಿ ನೆನಪಿದೆಯಾ? ನಮ್ಮ ದೊಡ್ಡಪ್ಪನ ಮಕ್ಕಳಿಗಿಂತ ಮೊದಲು ಬಂದವಳು ನೀನು, ಚಪ್ಪಲಿಯನ್ನೂ ಜೋಡಿ ನೋಡದೆ ಮೆಟ್ಟಿಕೊಂಡು. ಅಡುಗೆಮನೆಗೆ ಹೋಗಿ ಬಂದವರಿಗೆಲ್ಲ ಕಾಫಿ ಮಾಡಿದೆ, ನನ್ನನ್ನು ಯಾವುದಕ್ಕೂ ಏಳಗೊಡಲಿಲ್ಲ. ಆ ಋಣ ನನ್ನ ಮೈಯಲ್ಲಿದೆ. ಅದಕ್ಕೇ ನನಗೆ ಇದು ಇಷ್ಟು ಚುಚ್ಚುತ್ತದೆ. ನನ್ನ ಕಷ್ಟಕ್ಕೆ ಓಡಿ ಬರುವವಳು ನನ್ನ ಸಂತೋಷದ ಹೊತ್ತಿಗೆ ಯಾಕೆ ಬರುವುದಿಲ್ಲ? ಇವಳು ಎಲ್ಲಿ ಹೋಗುತ್ತಾಳೆ, ಕಾಯುತ್ತಾಳೆ ಬಿಡು ಎಂಬ ಧೈರ್ಯವೇ? ಅಷ್ಟು ಸದರವಾದೆನೇ ನಾನು ಎಂದು ಕೇಳಿಕೊಳ್ಳುವಂತಾಗುತ್ತದೆ.

ನಮ್ಮ ಕಾಲೇಜಿನ ಗುಂಪಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಐದೂವರೆಗೆ ಸೇರುವುದಿದ್ದರೆ ನಿನಗೆ ಮಾತ್ರ ಐದಕ್ಕೆ ಎಂದು ಹೇಳುತ್ತಾರೆ. ನನಗೂ ಹಾಗೇ ಮಾಡು ಎಂದು ಹೇಳಿಕೊಟ್ಟರು. ಬೇಡ ಎಂದೆ. ನಿನಗೊಂದು ಗಂಟೆ, ಉಳಿದವರಿಗೊಂದು ಗಂಟೆ ಹೇಳುವುದು ನಿನ್ನನ್ನು ಹಿಂದಿನಿಂದ ಆಡಿಕೊಂಡ ಹಾಗೆ. ನಿನ್ನ ಜೊತೆ ನನಗೆ ಅಂಥ ನಾಜೂಕಿನ ಸುಳ್ಳು ಬೇಡ, ನೇರವಾಗಿ ಹೇಳಿ ನಿನ್ನ ಸಿಟ್ಟನ್ನು ಪಡೆದುಕೊಂಡರೂ ಪರವಾಗಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಸಿಗುವ ಹೊತ್ತನ್ನು ಇನ್ನು ಮೇಲೆ ನೀನೇ ಗೊತ್ತು ಮಾಡು. ನಿನ್ನ ಅತ್ತೆಯವರ ಊಟ, ಮಗನ ಪಾಠ, ಎಲ್ಲ ಮುಗಿದ ಮೇಲೆ ನಿಜವಾಗಿ ಎಷ್ಟು ಹೊತ್ತಿಗೆ ಹೊರಡಲಾಗುತ್ತದೋ ಅದನ್ನೇ ಹೇಳು. ನಾಲ್ಕರ ಬದಲು ಆರು ಎಂದರೂ ನನಗೆ ಸರಿ, ನಾನು ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳುತ್ತೇನೆ. ತಡವಾಗುವುದು ಗೊತ್ತಾದ ಕೂಡಲೇ ಇದ್ದದ್ದನ್ನು ಇದ್ದ ಹಾಗೆ ತಿಳಿಸು. ಬರಲಾಗುವುದಿಲ್ಲ ಎಂದರೂ ನಾನು ಮುನಿಸಿಕೊಳ್ಳುವವಳಲ್ಲ. ಇನ್ನು ನನ್ನ ಕಡೆಯಿಂದ, ಕಾಲು ಗಂಟೆ ಕಾಯುತ್ತೇನೆ. ಆಮೇಲೆ ನಾಟಕವಾದರೆ ಒಳಗೆ ಹೋಗುತ್ತೇನೆ, ಹೋಟೆಲಾದರೆ ತಿಂಡಿ ತರಿಸಿಕೊಳ್ಳುತ್ತೇನೆ, ಬೇರೆ ಕಡೆಯಾದರೆ ಮನೆಗೆ ಮರಳುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ ನಿನಗೆ ಬಿಗಿಯೆನ್ನಿಸಬಹುದು. ಸೇಡು ಎಂದುಕೊಳ್ಳಬೇಡ. ಗೇಟಿನ ಹತ್ತಿರ ನಿಂತು ನಿನ್ನ ಮೇಲೆ ಸಿಟ್ಟು ಬೆಳೆಸಿಕೊಳ್ಳುವುದು ನನಗೆ ಬೇಕಾಗಿಲ್ಲ.

ನಿನ್ನ ಕಡೆಯಲ್ಲಿ ನನಗೆ ಗೊತ್ತಿಲ್ಲದ ತೊಂದರೆ ಇರಬಹುದು. ಈಚೆಗೆ ನೀನು ಹೊರಡುವ ಹೊತ್ತಿಗೇ ಮನೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ ಎಂದು ಒಂದೆರಡು ಸಲ ಅರ್ಧಕ್ಕೇ ನಿಲ್ಲಿಸಿದ ಮಾತು ನೆನಪಿದೆ. ನಿನ್ನ ಹೊರಗಿನ ಓಡಾಟ ಮನೆಯಲ್ಲಿ ಯಾರಿಗಾದರೂ ಹಿಡಿಸುತ್ತಿಲ್ಲವೆಂದರೆ, ಅಥವಾ ನನ್ನನ್ನು ಭೇಟಿಯಾಗುವುದೇ ನಿನಗೆ ಈಗ ಹೊರೆಯೆನ್ನಿಸುತ್ತಿದ್ದರೆ, ಅದನ್ನೂ ಹೇಳು. ಕೇಳಿಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ನಾನೇ ವಿಜಯನಗರಕ್ಕೆ ಬಂದರೂ ಆಯಿತು.

ಕಡಲೆಕಾಯಿ ಪರಿಷೆ ಹತ್ತಿರ ಬಂತು. ಕಾರ್ತಿಕದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಿಂದಿನ ದಿನ ಭಾನುವಾರವೇ ಹೋಗೋಣ. ಅಂದು ತಮ್ಮ ಬರುತ್ತಾನೆ, ಅಮ್ಮನ ಜೊತೆ ರಾತ್ರಿಯವರೆಗೂ ಇರುತ್ತಾನೆ. ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಯೋಚಿಸಿ ಬರೆ, ನಾನು ಮೆಟ್ರೋ ನಿಲ್ದಾಣದ ಮೆಟ್ಟಿಲ ಹತ್ತಿರ ಇರುತ್ತೇನೆ. ಬರುವಾಗ ಒಂದು ಗಟ್ಟಿ ಬಟ್ಟೆ ಚೀಲ ತಾ. ಅಮ್ಮನಿಗೆ ಹಸಿ ಕಡಲೆಕಾಯಿ ಬೇಯಿಸಿಕೊಡಬೇಕಂತೆ, ಈಗಿನಿಂದಲೇ ಹೇಳುತ್ತಿದ್ದಾಳೆ.

ನಿನ್ನ,
ವಸುಧಾ